ಕಾಯ ಹೇಗೆ ಕಾರ್ಯ ಆಗುತ್ತೆ: ಅಡಿಟಿಪ್ಪಣಿ, ಒಸಿಆರ್ ಮತ್ತು ಪ್ಲೇನ್ ಟೆಕ್ಸ್ಟ್

ಹಳೇ ಪುಸ್ತಕವೊಂದರ ಪುಟದಲ್ಲಿ ‘ಕಾಯ’ ಅನ್ನೋ ಪದ ಇದೆ ಅಂದ್ಕೊಳ್ಳಿ. ಕಾಯ ಅಂದ್ರೆ ದೇಹ. ಪದದ ಬಲಕ್ಕೆ, ಸ್ವಲ್ಪ ಮೇಲೆ, ಚಿಕ್ಕದಾಗಿ ೯ ಅಂತ ಅಚ್ಚಾಗಿದೆ. ಒಂಬತ್ತನೇ ಅಡಿಟಿಪ್ಪಣಿ ನೋಡಿ ಅಂತ ಅದರ ಅರ್ಥ. ಈ ಪುಟದ ಫೋಟೋ ತೆಗೆದು ಒಸಿಆರ್‌ಗೆ ಕೊಟ್ಟರೆ ಬರುವ ಪದ ‘ಕಾರ್ಯ’ ಆಗಿರಬಹುದು. ದೇಹ ಹೋಗಿ ಕೆಲಸ ಬಂತು!

ಕಾರಣ ಸರಳ. ನಮ್ಮ ಅರ್ಕಾವೊತ್ತಿನ ಆಕಾರವೂ ಕನ್ನಡ ಅಂಕಿ ೯ರ ಆಕಾರವೂ ಹೆಚ್ಚುಕಡಿಮೆ ಒಂದೇ. ಇದು ನಿಮಗೆ ಹೊಸದೇನೂ ಅಲ್ಲ. ‘ಧಮ೯’, ‘ಕನಾ೯ಟಕ’ ಅಂತ ಅಂಕಿ ಹಾಕಿ ಟೈಪ್ ಮಾಡಿರೋ ಬೋರ್ಡುಗಳನ್ನ ನೋಡಿರ್ತೀರಿ. ಇಲ್ಲಿ ಅದೇ ಗೊಂದಲ ಉಲ್ಟಾ ನಡೆಯುತ್ತೆ. ಇನ್ನೂ ಒಂದು ತೊಂದರೆ ಇದೆ. ಅರ್ಕಾವೊತ್ತನ್ನ ನಾವು ಅಕ್ಷರದ ನಂತರ ಬರೆದರೂ ಉಚ್ಚಾರಣೆಯಲ್ಲಿ ಅದು ಅಕ್ಷರಕ್ಕಿಂತ ಮೊದಲು ಬರುತ್ತೆ. ಯೂನಿಕೋಡ್‌ನಲ್ಲೂ ಹಾಗೇ, ‘ರ್’ ಮೊದಲು, ‘ಯ’ ಆಮೇಲೆ. ಹಾಗಾಗಿ ಪದದ ಕೊನೆಯಲ್ಲಿದ್ದ ಸಂಖ್ಯೆ ಬರೀ ತಪ್ಪು ಅಕ್ಷರವಾಗಿ ನಿಲ್ಲೋದಿಲ್ಲ, ಪದದ ಹೊಟ್ಟೆಯೊಳಗೆ ಹೋಗಿ ಕೂತುಬಿಡುತ್ತೆ. ಸ್ಪೆಲ್‌ಚೆಕ್ ಹಾಕಿದರೂ ಸಿಕ್ಕಲ್ಲ, ಯಾಕಂದ್ರೆ ‘ಕಾರ್ಯ’ ಸರಿಯಾದ ಪದವೇ.

ಹಳೇ ಪುಸ್ತಕಗಳನ್ನ ಟೆಕ್ಸ್ಟ್ ಮಾಡೋ ಕೆಲಸದಲ್ಲಿ ಕೈ ಹಾಕಿದವರಿಗೆಲ್ಲ ಅಕ್ಷರ ತಪ್ಪುಗಳ ಪರಿಚಯ ಇರುತ್ತೆ. ಅಡಿಟಿಪ್ಪಣಿಯ ತಪ್ಪು ಬೇರೆ ಜಾತಿಯದು. ಅದು ಎರಡು ತುಂಡಾಗಿರೋ ವಸ್ತು: ಒಂದು ತುಂಡು ವಾಕ್ಯದ ಮಧ್ಯೆ ಒಂದೂವರೆ ಮಿಲಿಮೀಟರ್ ಎತ್ತರವೂ ಇಲ್ಲದ ಗುರುತು, ಇನ್ನೊಂದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಸಾಲು. ಎರಡೂ ಸರಿಯಾಗಿ ಓದಿಸಿಕೊಂಡು, ಆಮೇಲೆ ಒಂದಕ್ಕೊಂದು ಸೇರಿದರೆ ಮಾತ್ರ ಅದಕ್ಕೆ ಅರ್ಥ. ಒಂದು ತುಂಡು ಕಳೆದುಹೋದರೂ ಇನ್ನೊಂದು ಅನಾಥ.

ಮೊದಲು ಪಿಕ್ಸೆಲ್ ಲೆಕ್ಕ

ಕನ್ನಡ ಪುಸ್ತಕಗಳ ಮಾಮೂಲಿ ಡೆಮಿ 1/8 ಅಳತೆ ತಗೊಳ್ಳೋಣ. ಪುಟ ಸುಮಾರು 21.5 ಸೆಂಟಿಮೀಟರ್ ಉದ್ದ, 14 ಸೆಂಟಿಮೀಟರ್ ಅಗಲ. ನಿಮ್ಮ ಫೋನ್ 4000 × 3000 ಪಿಕ್ಸೆಲ್ ಫೋಟೋ ಕೊಡುತ್ತೆ, ಪುಟ ಫ್ರೇಮ್ ತುಂಬಾ ಬಂದಿದೆ ಅಂದರೆ, ಇಂಚಿಗೆ ಸುಮಾರು 470 ಪಿಕ್ಸೆಲ್ ಆಯ್ತು. 1.2 ಮಿಲಿಮೀಟರ್ ಎತ್ತರದ ಗುರುತಿಗೆ 22 ಪಿಕ್ಸೆಲ್ ಸಿಗುತ್ತೆ. ಪರವಾಗಿಲ್ಲ.

ಟೈಮ್ ಉಳಿಸೋಕೆ ಪುಸ್ತಕ ಬಿಚ್ಚಿ ಎರಡೂ ಪುಟ ಒಂದೇ ಫೋಟೋದಲ್ಲಿ ತೆಗೆದರೆ ಅದು 17ಕ್ಕೆ ಇಳಿಯುತ್ತೆ. ಆ ಫೋಟೋನ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿ, ಅದು ಉದ್ದದಲ್ಲಿ 1600 ಪಿಕ್ಸೆಲ್‌ಗೆ ಕುಗ್ಗಿದರೆ, ಗುರುತಿಗೆ ಉಳಿಯೋದು ಸುಮಾರು 7 ಪಿಕ್ಸೆಲ್. ಜೆಪೆಗ್ ಚಿತ್ರವನ್ನ 8 × 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಸೂಕ್ಷ್ಮ ವಿವರಗಳನ್ನ ಮೊದಲು ಬಿಸಾಕುತ್ತೆ ಅನ್ನೋದು ಸಿಗ್ನಲ್ ಪ್ರೋಸೆಸಿಂಗ್ ಓದಿದವರಿಗೆ ಗೊತ್ತು. ಅಂದರೆ ನಮ್ಮ ಇಡೀ ಅಂಕಿ ಒಂದೇ ಚೌಕದೊಳಗೆ ಹಿಡಿಸುತ್ತೆ. ೬ ಮತ್ತು ೯ರ ವ್ಯತ್ಯಾಸ ಬಾಲ ಎತ್ತ ತಿರುಗಿದೆ ಅನ್ನೋದರಲ್ಲಿದೆ. ಅಲ್ಲಿ ಉಳಿಯೋದು ಒಂದು ಮಸಿ ಚುಕ್ಕೆ. ಆದ್ದರಿಂದ ಒಂದು ಫೋಟೋಗೆ ಒಂದೇ ಪುಟ, ಕಳಿಸೋದಾದರೆ ಡಾಕ್ಯುಮೆಂಟ್ ಆಗಿ.

ಫೋಟೋ ಚೆನ್ನಾಗಿದ್ದರೆ ಒಸಿಆರ್ ಸರಿಯಾಗಿ ಓದುತ್ತಾ? ಇಲ್ಲೊಂದು ವಿಷಯ ಗಮನಿಸಬೇಕು. ಟೆಸರಾಕ್ಟ್‌ನ ಈಗಿನ ಎಂಜಿನ್ ಪುಟವನ್ನ ಸಾಲು ಸಾಲಾಗಿ ಕತ್ತರಿಸಿ, ಪ್ರತಿ ಸಾಲಿನ ಚಿತ್ರವನ್ನೂ ಒಂದು ನಿಗದಿತ ಎತ್ತರಕ್ಕೆ ಇಳಿಸಿ ನ್ಯೂರಲ್ ನೆಟ್‌ವರ್ಕ್‌ಗೆ ಕೊಡುತ್ತೆ. ಆ ಎತ್ತರ ಕೆಲವೇ ಹತ್ತು ಪಿಕ್ಸೆಲ್. ಇಂಗ್ಲಿಷ್ ಸಾಲಿಗೆ ಇದು ಸಾಕಾಗಬಹುದು. ಕನ್ನಡ ಸಾಲಿನಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಒಮ್ಮೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಸಾಲಿನ ಒಟ್ಟು ಎತ್ತರ ಜಾಸ್ತಿ, ಹಾಗಾಗಿ ಕುಗ್ಗಿಸಿದಾಗ ಗುರುತಿನ ಪಾಲಿಗೆ ಬರೋ ಪಿಕ್ಸೆಲ್ ಇನ್ನೂ ಕಡಿಮೆ. ಒಳ್ಳೇ ಫೋಟೋ ಒಸಿಆರ್‌ಗಿಂತ ಜಾಸ್ತಿ ನಿಮಗೆ ಬೇಕು. ಆಮೇಲೆ ಝೂಮ್ ಮಾಡಿ ನೋಡೋವಾಗ ಅಲ್ಲಿ ನೋಡೋಕೆ ಏನಾದ್ರೂ ಉಳಿದಿರಬೇಕಲ್ವಾ.

ಕುಗ್ಗಿದ ಗುರುತು ಏನೇನಾಗಿ ಬರುತ್ತೆ ಅನ್ನೋದಕ್ಕೆ ಕೆಲವು ಪರಿಚಿತ ರೂಪಗಳಿವೆ. ಪೂರ್ತಿ ಮಾಯ ಆಗೋದು ಒಂದು. ಒಂಟಿ ಉದ್ಧರಣ ಚಿಹ್ನೆ ಆಗೋದು ಇನ್ನೊಂದು: ಪದದ ಮೇಲ್ಗಡೆ ಬಲಕ್ಕೆ ಚಿಕ್ಕ ಕಪ್ಪು ವಸ್ತು ಇದ್ದರೆ ಅದು ಸಾಮಾನ್ಯವಾಗಿ ಉದ್ಧರಣ ಚಿಹ್ನೆ ಅಂತ ಎಂಜಿನ್ ಕಲಿತಿರುತ್ತೆ. ಆದ್ದರಿಂದ ಶುರುವಾಗದೇ ಮುಗಿಯೋ ಉದ್ಧರಣ ಚಿಹ್ನೆ ಕಂಡರೆ ಅದು ಗುರುತಿರಬಹುದು ಅಂತ ಅನುಮಾನ ಪಡಿ. ಮೂರನೆಯದು ಸೊನ್ನೆಯ ಗೊಂದಲ. ಕನ್ನಡ ಅಂಕಿ ೦ ಮತ್ತು ಅನುಸ್ವಾರ ಎರಡೂ ಬರೀ ವೃತ್ತ, ಆದರೆ ಯೂನಿಕೋಡ್‌ನಲ್ಲಿ ಒಂದು U+0CE6, ಇನ್ನೊಂದು U+0C82. ಹತ್ತನೇ ಟಿಪ್ಪಣಿಯ ಗುರುತು ‘ಒಂದು ಅಂಕಿ, ಪಕ್ಕದಲ್ಲಿ ಅನುಸ್ವಾರ’ ಆಗಿ ಬರುತ್ತೆ. ಕಣ್ಣಿಗೆ ಸರಿಯಾಗೇ ಕಾಣುತ್ತೆ, ಆದರೆ ಸರ್ಚ್ ಮಾಡಿದರೆ ಸಿಗಲ್ಲ. ಇದನ್ನ ಹಿಡಿಯೋದು ಸುಲಭ, ಅಂಕಿಯ ಹಿಂದೆಯೇ ಅನುಸ್ವಾರ ಬರೋ ಸಂದರ್ಭ ಕನ್ನಡದಲ್ಲಿ ಇಲ್ಲವೇ ಇಲ್ಲ.

ಅಂಕಿ ಸರಿಯಾಗೇ ಬಂದರೂ ಒಂದು ಮಾಹಿತಿ ಕಳೆದುಹೋಗಿರುತ್ತೆ: ಅದು ಮೇಲೆ ಇತ್ತು ಅನ್ನೋದು. 1947ರ ಪಕ್ಕ ಎರಡನೇ ಟಿಪ್ಪಣಿಯ ಗುರುತಿದ್ದರೆ ಟೆಕ್ಸ್ಟ್‌ನಲ್ಲಿ 19472 ಅಂತ ಐದಂಕಿಯ ಇಸವಿ. ಇಸವಿಯಾದರೆ ಗೊತ್ತಾಗುತ್ತೆ. ‘ಒಟ್ಟು ಗದ್ದೆ 12’ ಅನ್ನೋದು 123 ಆದರೆ ಯಾರಿಗೂ ಅನುಮಾನ ಬರಲ್ಲ.

ಯೂನಿಕೋಡ್‌ನಲ್ಲಿ ಸೂಪರ್‌ಸ್ಕ್ರಿಪ್ಟ್ ಅಂಕಿಗಳೇ ಇದಾವಲ್ಲ, ಅದನ್ನೇ ಹಾಕೋಣ ಅಂತ ಅನ್ನಿಸಬಹುದು. ಅಲ್ಲಿರೋದು 0ಯಿಂದ 9ರ ಅಂಕಿಗಳ ರೂಪ ಮಾತ್ರ, ಕನ್ನಡ ಅಂಕಿಗಳಿಗೆ ಸೂಪರ್‌ಸ್ಕ್ರಿಪ್ಟ್ ಕೋಡ್ ಇಲ್ಲ. ಇರೋದೂ ಗಟ್ಟಿಯಲ್ಲ. ಟೆಕ್ಸ್ಟ್ ಕ್ಲೀನ್ ಮಾಡೋ ಎಷ್ಟೋ ಪ್ರೋಗ್ರಾಮ್‌ಗಳು ಮೊದಲು NFKC ಅನ್ನೋ ನಾರ್ಮಲೈಸೇಶನ್ ಮಾಡುತ್ತವೆ. ಅದು ಮಾಡೋದು ಇಷ್ಟು:

```python
>>> import unicodedata
>>> unicodedata.normalize('NFKC', '1947²')
'19472'
```

ಡಾಕ್ಯುಮೆಂಟ್‌ನಲ್ಲಿ ಸೂಪರ್‌ಸ್ಕ್ರಿಪ್ಟ್ ಬಟನ್ ಒತ್ತಿ ಮೇಲೇರಿಸಿದ್ದೂ ಹಾಗೇ. ಅದು ಬರೀ ಫಾರ್ಮ್ಯಾಟಿಂಗ್, ಪ್ಲೇನ್ ಟೆಕ್ಸ್ಟ್‌ಗೆ ಕಾಪಿ ಮಾಡಿದ ಕ್ಷಣ ಕೆಳಗಿಳಿದು ಪಕ್ಕದ ಅಂಕಿಗೆ ಅಂಟಿಕೊಳ್ಳುತ್ತೆ. ಅದಕ್ಕೇ ಗುರುತಿಗೆ ಚೌಕ ಆವರಣ ಹಾಕೋದು ರೂಢಿ, `1947[2]` ಅಂತ. ನೋಡೋಕೆ ಚೆನ್ನಾಗಿಲ್ಲ, ಒಪ್ತೀನಿ. ಆದರೆ ಯಾವ ಸಾಫ್ಟ್‌ವೇರ್‌ಗೂ ಅದನ್ನ ಅಳಿಸೋ ಉತ್ಸಾಹ ಇರಲ್ಲ.

ಕೆಳಗಿನಿಂದ ಮೇಲಕ್ಕೆ

ಮೇಲಿನ ಗುರುತನ್ನ ನಂಬೋಕಾಗಲ್ಲ ಅಂತಾದರೆ ಏನು ಮಾಡೋದು? ಪುಟವನ್ನ ಕೆಳಗಿನಿಂದ ಓದಿ. ಅಡಿಟಿಪ್ಪಣಿಯ ಸಂಖ್ಯೆ ಎರಡು ಕಡೆ ಅಚ್ಚಾಗಿರುತ್ತೆ. ವಾಕ್ಯದೊಳಗೆ ಅದು ಚಿಕ್ಕದು, ಪದಕ್ಕೆ ಅಂಟಿಕೊಂಡಿರೋದು. ಪುಟದ ಅಡಿಯಲ್ಲಿ ಅದೇ ಸಂಖ್ಯೆ ಸಾಲಿನ ಶುರುವಿನಲ್ಲಿ, ಪಕ್ಕದಲ್ಲಿ ಖಾಲಿ ಜಾಗದೊಂದಿಗೆ, ಎಷ್ಟೋ ಪುಸ್ತಕಗಳಲ್ಲಿ ಟಿಪ್ಪಣಿಯ ಅಕ್ಷರದಷ್ಟೇ ದೊಡ್ಡದಾಗಿ ಇರುತ್ತೆ. ಒಸಿಆರ್ ಇದನ್ನ ಬಹುಪಾಲು ಸರಿಯಾಗಿ ಓದುತ್ತೆ. ಆದ್ದರಿಂದ ಮೊದಲು ಅಡಿಯಲ್ಲಿ ಎಷ್ಟು ಟಿಪ್ಪಣಿ ಇದೆ ಅಂತ ಎಣಿಸಿ. ಮೂರು ಇದ್ದರೆ, ಮೇಲೆ ಮೂರು ಗುರುತು ಇದ್ದೇ ಇರಬೇಕು. ಎರಡೇ ಸಿಕ್ಕಿದ್ದರೆ ಮೂರನೆಯದನ್ನ ಹುಡುಕಬೇಕು, ಸಿಗೋವರೆಗೂ ಆ ಪುಟ ಮುಗಿದಿಲ್ಲ.

ಹುಡುಕೋದಕ್ಕೂ ಸಹಾಯ ಇದೆ. ಗುರುತುಗಳು ಓದೋ ಕ್ರಮದಲ್ಲೇ ಏರಿಕೆಯಲ್ಲಿ ಬರುತ್ತವೆ. ೧ ಮೂರನೇ ಸಾಲಿನಲ್ಲಿ, ೩ ಹದಿನೈದನೇ ಸಾಲಿನಲ್ಲಿ ಸಿಕ್ಕಿದ್ದರೆ ೨ ಅವೆರಡರ ಮಧ್ಯೆ ಎಲ್ಲೋ ಇದೆ. ಟಿಪ್ಪಣಿಯನ್ನ ಓದಿದರೆ ಯಾವ ಪದದ ಬಗ್ಗೆ ಅಂತಲೂ ಅಂದಾಜಾಗುತ್ತೆ. ಆದರೆ ಅಂದಾಜಿನ ಮೇಲೆ ಗುರುತು ಹಾಕಬೇಡಿ, ಅಂದಾಜಿಟ್ಟುಕೊಂಡು ಫೋಟೋದ ಆ ಜಾಗಕ್ಕೆ ಝೂಮ್ ಮಾಡಿ ನೋಡಿ ಹಾಕಿ. ‘ಕಾಯ–ಕಾರ್ಯ’ದ ಸಮಸ್ಯೆಗೂ ಇದೇ ಔಷಧಿ. ಅಧ್ಯಾಯದುದ್ದಕ್ಕೂ ಒಂದೇ ಎಣಿಕೆ ಇರೋ ಪುಸ್ತಕದಲ್ಲಿ ೮ ಆಗಿ ಸೀದಾ ೧೦ ಬಂದರೆ, ಮಧ್ಯದಲ್ಲಿರೋ ಅರ್ಕಾವೊತ್ತಿನ ಪದಗಳನ್ನ ಒಂದೊಂದಾಗಿ ಫೋಟೋದಲ್ಲಿ ನೋಡಬೇಕು. ೧೯, ೨೯ಕ್ಕೂ ಹಾಗೇ. ವಿರುದ್ಧ ದಿಕ್ಕಿನಲ್ಲೂ ಎಚ್ಚರ ಬೇಕು: ನಿಜವಾದ ಅರ್ಕಾವೊತ್ತನ್ನ ಒಸಿಆರ್ ೯ ಅಂತ ಓದಿದ್ದರೆ, ‘ಪದದ ಹಿಂದಿನ ಅಂಕಿಗಳಿಗೆಲ್ಲ ಆವರಣ ಹಾಕು’ ಅನ್ನೋ ಸ್ಕ್ರಿಪ್ಟ್ ಪುಸ್ತಕದ ತುಂಬ ಇಲ್ಲದ ಒಂಬತ್ತನೇ ಟಿಪ್ಪಣಿಗಳನ್ನ ಹುಟ್ಟಿಸುತ್ತೆ.

ಅಡಿಯ ಭಾಗ ಎಲ್ಲಿಂದ ಶುರು ಅಂತ ತಿಳಿಯೋದು ಹೇಗೆ? ಕೆಲವು ಪುಸ್ತಕಗಳಲ್ಲಿ ಚಿಕ್ಕ ಗೆರೆ ಇರುತ್ತೆ, ಕಣ್ಣಿಗೆ ಸಾಕು. ನೂರಾರು ಪುಟ ಇದ್ದು ಪ್ರೋಗ್ರಾಮ್‌ನಲ್ಲಿ ಮಾಡೋದಾದರೆ ಟೆಸರಾಕ್ಟ್‌ನಿಂದ ಟೆಕ್ಸ್ಟ್ ಬದಲು ಅಳತೆಗಳನ್ನೂ ಕೇಳಿ:

```
tesseract p45.png p45 -l kan --psm 6 tsv
```

ಪ್ರತಿ ಸಾಲು ಎಲ್ಲಿದೆ, ಎಷ್ಟು ಎತ್ತರ ಅನ್ನೋದು ಇದರಲ್ಲಿ ಬರುತ್ತೆ. ಆದರೆ ಸಾಲಿನ ಎತ್ತರವನ್ನ ನಂಬಬೇಡಿ. ಒತ್ತಕ್ಷರ ಇಲ್ಲದ ದೊಡ್ಡಕ್ಷರದ ಸಾಲು, ಒತ್ತಕ್ಷರ ತುಂಬಿದ ಸಣ್ಣಕ್ಷರದ ಸಾಲು, ಎರಡರ ಎತ್ತರ ಒಂದೇ ಬರಬಹುದು. ಒಂದು ಸಾಲಿನಿಂದ ಮುಂದಿನ ಸಾಲಿಗಿರೋ ದೂರ ನೋಡೋದು ವಾಸಿ. ಮುಖ್ಯ ಪಠ್ಯದ ಸಾಲುಗಳು 16 ಪಾಯಿಂಟ್ ದೂರದಲ್ಲಿ, ಟಿಪ್ಪಣಿ 12 ಪಾಯಿಂಟ್ ದೂರದಲ್ಲಿ ಕೂತಿದ್ದರೆ, ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಮೊದಲನೆಯದು ಸುಮಾರು 67, ಎರಡನೆಯದು 50. ಎಲ್ಲಿ 67 ನಿಂತು 50 ಶುರುವಾಗುತ್ತೋ ಅಲ್ಲೇ ಗಡಿ. ಪುಸ್ತಕ ಉಬ್ಬಿಕೊಂಡಿದ್ದು ಬೆನ್ನಿನ ಕಡೆ ಸಾಲುಗಳು ಬಾಗಿದ್ದರೆ ಈ ಲೆಕ್ಕ ಕೈಕೊಡುತ್ತೆ. ಆಗ ಆ ಪುಟವನ್ನ ಒತ್ತಿ ಹಿಡಿದು ಇನ್ನೊಂದ್ಸಲ ಫೋಟೋ ತೆಗೆಯೋದೇ ಬೇಗ ಆಗೋ ಕೆಲಸ.

ಎರಡು ಪುಟ ಸೇರಿಸಿ ನೋಡೋಣ

ಈಗ ಮುಖ್ಯ ವಿಷಯಕ್ಕೆ ಬರೋಣ. ಗುರುತೂ ಸಿಕ್ಕಿತು, ಟಿಪ್ಪಣಿಯೂ ಸಿಕ್ಕಿತು, ಆದರೂ ಪುಟಗಳನ್ನ ಜೋಡಿಸೋವಾಗ ಎಲ್ಲ ಕಲಸಿಹೋಗೋ ಅವಕಾಶ ಇದೆ. ಇದನ್ನ ತೋರಿಸೋಕೆ ಕೆರೆಗಳ ಬಗ್ಗೆ ನಾನೇ ಒಂದು ಉದಾಹರಣೆ ಕಟ್ಟಿದ್ದೀನಿ, ಯಾವ ಪುಸ್ತಕದ್ದೂ ಅಲ್ಲ. 45ನೇ ಪುಟದ ಕೊನೆ ಒಸಿಆರ್‌ನಲ್ಲಿ ಹೀಗೆ ಬಂದಿದೆ:

```
ಊರಿನ ಕೆರೆಗೆ ತೂಬು೧ ಇಡಿಸಿದವನಿಗೆ ಕಟ್ಟುಕೊಡಗೆ’
ಸಿಗುತ್ತಿತ್ತು. ಈ ಭೂಮಿಯ ಮೇಲೆ ತೆರಿಗೆ
೧ ಕೆರೆಯ ನೀರನ್ನು ಗದ್ದೆಗೆ ಬಿಡುವ ಕಂಡಿ.
೨ ಕೆರೆ ಕಟ್ಟಿಸಿದವರಿಗೆ ಕೊಡುವ ಭೂಮಿ. ಕೆಲವು
ಕಡೆ ಕೆರೆಯನ್ನು ನೋಡಿಕೊಳ್ಳುವವರಿಗೂ
```

46ನೇ ಪುಟ ಹೀಗೆ:

```
ಇರುತ್ತಿರಲಿಲ್ಲ, ಇದ್ದರೂ ಕಡಿಮೆ. ಕೋಡಿ೧ ಒಡೆದರೆ
ಅದನ್ನು ಸರಿಪಡಿಸುವ ಹೊಣೆ ಅವನದೇ.
ಇದನ್ನು ಕೊಡುತ್ತಿದ್ದರು.
೧ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಜಾಗ.
```

ಎರಡು ಫೈಲ್ ತಗೊಂಡು ಒಂದರ ಕೆಳಗೆ ಒಂದು ಅಂಟಿಸಿದರೆ ಏನಾಗುತ್ತೆ ನೋಡಿ. ‘ಈ ಭೂಮಿಯ ಮೇಲೆ ತೆರಿಗೆ’ ಅಂತ ಶುರುವಾದ ವಾಕ್ಯದ ನಡುವೆ ಕಂಡಿ, ಗದ್ದೆ ಎಲ್ಲ ಬಂದು, ಮೂರು ಸಾಲು ಆದ್ಮೇಲೆ ‘ಇರುತ್ತಿರಲಿಲ್ಲ’ ಸಿಗುತ್ತೆ. ಪುಸ್ತಕದಲ್ಲಿ ಇದನ್ನ ನೋಡಿ ಓದುವವರಿಗೆ ಗೆರೆ, ಸಣ್ಣಕ್ಷರ, ಪುಟದ ಅಂಚು ಎಲ್ಲ ಸಹಾಯಕ್ಕಿರುತ್ತೆ. ಪ್ಲೇನ್ ಟೆಕ್ಸ್ಟ್ ಅನ್ನ ಸ್ಕ್ರೀನ್ ರೀಡರ್‌ನಲ್ಲಿ ಕೇಳೋ ವಿದ್ಯಾರ್ಥಿಗೆ ಅದ್ಯಾವುದೂ ಇಲ್ಲ. ಒಂದೇ ದನಿಯಲ್ಲಿ, ಒಂದೇ ವೇಗದಲ್ಲಿ, ವಾಕ್ಯ ಎಲ್ಲಿ ಮುರೀತು ಅಂತ ಸುಳಿವೇ ಇಲ್ಲದೆ ಕೇಳಿಸುತ್ತೆ.

ಸರಿ, ಟಿಪ್ಪಣಿಗಳನ್ನೆಲ್ಲ ಕಿತ್ತು ಅಧ್ಯಾಯದ ಕೊನೆಗೆ ಹಾಕೋಣ ಅಂದ್ರೆ, ಈ ಪುಸ್ತಕದಲ್ಲಿ ಪ್ರತಿ ಪುಟದಲ್ಲೂ ಎಣಿಕೆ ಹೊಸದಾಗಿ ೧ರಿಂದ ಶುರುವಾಗುತ್ತೆ. ಕೊನೆಗೆ ಎರಡು ‘೧’ ಸಿಗುತ್ತೆ. ಯಾವುದು ಯಾರದು? ಅದಲು ಬದಲಾದರೆ ತೂಬು ಅಂದರೆ ಹೆಚ್ಚಿನ ನೀರು ಹೊರಹೋಗುವ ಜಾಗ, ಕೋಡಿ ಅಂದರೆ ಗದ್ದೆಗೆ ನೀರು ಬಿಡುವ ಕಂಡಿ ಅಂತಾಗುತ್ತೆ. ನಮ್ಮ ಸಿವಿಲ್ ಬ್ರಾಂಚಿನವರು ಎದೆ ಹಿಡ್ಕೋತಾರೆ. ಒಂದು ಬೇಕಾದಾಗ ತೆಗೆದು ನೀರು ಬಿಡೋ ವ್ಯವಸ್ಥೆ, ಇನ್ನೊಂದು ಏರಿ ಒಡೆಯದ ಹಾಗೆ ಕಾಪಾಡೋ ವ್ಯವಸ್ಥೆ. ಅಕ್ಷರ ಒಂದೂ ತಪ್ಪಿಲ್ಲ, ಪ್ರತಿ ವಾಕ್ಯವೂ ವ್ಯಾಕರಣಬದ್ಧ, ಆದರೂ ಪುಸ್ತಕ ಸುಳ್ಳು ಹೇಳ್ತಾ ಇದೆ.

ಈ ಉದಾಹರಣೆಯಲ್ಲಿ ಇನ್ನೂ ಒಂದು ಬಲೆ ಇದೆ, ನೀವು ಈಗಾಗಲೇ ಗಮನಿಸಿರಬಹುದು. 46ನೇ ಪುಟದ ಮೂರನೇ ಸಾಲು, ‘ಇದನ್ನು ಕೊಡುತ್ತಿದ್ದರು’. ಅದಕ್ಕೆ ಸಂಖ್ಯೆ ಇಲ್ಲ. ಹಾಗಾಗಿ ಯಾವ ಸ್ಕ್ರಿಪ್ಟ್ ಬರೆದರೂ ಅದನ್ನ ಮುಖ್ಯ ಪಠ್ಯ ಅಂದ್ಕೊಳ್ಳುತ್ತೆ. ‘ಹೊಣೆ ಅವನದೇ. ಇದನ್ನು ಕೊಡುತ್ತಿದ್ದರು.’ ಓದೋಕೂ ಪರವಾಗಿಲ್ಲ ಅನ್ನೋ ಹಾಗೇ ಇದೆ! ನಿಜದಲ್ಲಿ ಅದು 45ನೇ ಪುಟದ ಎರಡನೇ ಟಿಪ್ಪಣಿಯ ಬಾಲ. ಜಾಗ ಸಾಲದೆ ಟಿಪ್ಪಣಿ ಮುಂದಿನ ಪುಟದ ಅಡಿಗೆ ಹರಿದಿದೆ. ಇದನ್ನ ಹಿಡಿಯೋಕೆ ಎರಡು ಸುಳಿವು. ಹಿಂದಿನ ಪುಟದ ಕೊನೇ ಟಿಪ್ಪಣಿ ‘ನೋಡಿಕೊಳ್ಳುವವರಿಗೂ’ ಅಂತ ನಿಂತಿದೆ, ಪೂರ್ಣವಿರಾಮ ಇಲ್ಲ. ಈ ಪುಟದಲ್ಲಿ ಅದು ಸಣ್ಣಕ್ಷರದ ಭಾಗದ ಮೊದಲ ಸಾಲು, ಮೇಲೆ ಹೇಳಿದ 67–50ರ ಗಡಿಯಿಂದ ಕೆಳಗಿದೆ. ಗಡಿಯನ್ನ ಅಳತೆಯಿಂದ ಗುರುತಿಸಬೇಕು, ‘ಅಂಕಿಯಿಂದ ಶುರುವಾಗೋ ಮೊದಲ ಸಾಲು’ ಅಂತ ಗುರುತಿಸಬಾರದು ಅನ್ನೋದಕ್ಕೆ ಕಾರಣವೇ ಇದು.

ಇದು ಎಲ್ಲ ಭಾಷೆಯ ಪುಸ್ತಕಗಳಲ್ಲೂ ಬರೋ ತೊಂದರೆ, ಆದ್ದರಿಂದ ಪುಸ್ತಕ ಡಿಜಿಟೈಸ್ ಮಾಡೋರು ಇದಕ್ಕೆ ಗುರುತುಗಳನ್ನ ಮಾಡ್ಕೊಂಡಿದ್ದಾರೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ ಪುಸ್ತಕ ತಯಾರಿಸೋ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್‌ನಲ್ಲಿ ಟಿಪ್ಪಣಿಯನ್ನ ಆಯಾ ಪುಟದ ಅಡಿಯಲ್ಲೇ `[Footnote 2: ...]` ಅಂತ ಬಿಡ್ತಾರೆ. ಮುಗಿಯದೆ ಮುಂದಿನ ಪುಟಕ್ಕೆ ಹೋಗಿದ್ದರೆ ಆವರಣದ ನಂತರ ಒಂದು ನಕ್ಷತ್ರ ಹಾಕ್ತಾರೆ. ಮುಂದಿನ ಪುಟದ ತುಂಡಿಗೆ ನಕ್ಷತ್ರ ಮೊದಲು, `*[Footnote: ...]`. ಪುಟಗಳೆಲ್ಲ ಮುಗಿದ ಮೇಲೆ ಒಬ್ಬರು ಕೂತು ನಕ್ಷತ್ರಕ್ಕೆ ನಕ್ಷತ್ರ ಜೋಡಿಸ್ತಾರೆ. ಕನ್ನಡ ವಿಕಿಸೋರ್ಸ್‌ನಲ್ಲಿ ಕೆಲಸ ಮಾಡೋದಾದರೆ ಅಲ್ಲಿ `<ref name="p45-2">` ಅಂತ ಹೆಸರು ಕೊಟ್ಟು, ಮುಂದಿನ ಪುಟದಲ್ಲಿ `<ref follow="p45-2">` ಅಂದರೆ ಎರಡು ತುಂಡನ್ನ ಸಾಫ್ಟ್‌ವೇರೇ ಸೇರಿಸುತ್ತೆ.

ಎರಡರಲ್ಲೂ ಒಳಗಿರೋ ಉಪಾಯ ಒಂದೇ. ಜೋಡಿ ಹೊಂದಿಸೋದು ಪುಟದ ಮಟ್ಟದಲ್ಲಿ, ಪುಟ ಜೋಡಿಸೋದು ಆಮೇಲೆ. ಪುಟದ ಗಡಿ ಇರೋವರೆಗೆ ಮಾತ್ರ ‘೧’ಕ್ಕೆ ಒಂದೇ ಅರ್ಥ. ಗಡಿ ಅಳಿಸಿದ ಮೇಲೆ ಆ ಮಾಹಿತಿಯನ್ನ ಟೆಕ್ಸ್ಟ್‌ನಿಂದ ವಾಪಸ್ ಪಡೆಯೋಕಾಗಲ್ಲ, ಮತ್ತೆ ಫೋಟೋಗೇ ಹೋಗಬೇಕು. ಅದಕ್ಕೆ ನನಗೆ ಇಷ್ಟವಾದ ದಾರಿ ಅಂದ್ರೆ ಪುಟದ ಸಂಖ್ಯೆಯನ್ನೇ ಟಿಪ್ಪಣಿಯ ಹೆಸರಿನೊಳಗೆ ಸೇರಿಸಿಬಿಡೋದು. ಪ್ಯಾನ್‌ಡಾಕ್‌ನ ಮಾರ್ಕ್‌ಡೌನ್‌ನಲ್ಲಿ ಟಿಪ್ಪಣಿಗೆ ಸ್ಪೇಸ್, ಟ್ಯಾಬ್, `^`, `[`, `]` ಇಲ್ಲದ ಯಾವ ಹೆಸರಾದರೂ ಕೊಡಬಹುದು. ನಮ್ಮ ಎರಡು ಪುಟ ಹೀಗಾಗುತ್ತೆ:

```
ಊರಿನ ಕೆರೆಗೆ ತೂಬು[^p45-1] ಇಡಿಸಿದವನಿಗೆ
ಕಟ್ಟುಕೊಡಗೆ[^p45-2] ಸಿಗುತ್ತಿತ್ತು. ಈ ಭೂಮಿಯ ಮೇಲೆ
ತೆರಿಗೆ ಇರುತ್ತಿರಲಿಲ್ಲ, ಇದ್ದರೂ ಕಡಿಮೆ. ಕೋಡಿ[^p46-1]
ಒಡೆದರೆ ಅದನ್ನು ಸರಿಪಡಿಸುವ ಹೊಣೆ ಅವನದೇ.

[^p45-1]: ಕೆರೆಯ ನೀರನ್ನು ಗದ್ದೆಗೆ ಬಿಡುವ ಕಂಡಿ.

[^p45-2]: ಕೆರೆ ಕಟ್ಟಿಸಿದವರಿಗೆ ಕೊಡುವ ಭೂಮಿ. ಕೆಲವು ಕಡೆ
    ಕೆರೆಯನ್ನು ನೋಡಿಕೊಳ್ಳುವವರಿಗೂ ಇದನ್ನು ಕೊಡುತ್ತಿದ್ದರು.

[^p46-1]: ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಜಾಗ.
```

ಉದ್ಧರಣ ಚಿಹ್ನೆ ಆಗಿದ್ದ ೨ ವಾಪಸ್ ಬಂದಿದೆ, ವಾಕ್ಯ ಕೂಡಿಕೊಂಡಿದೆ, ಬಾಲ ತನ್ನ ಟಿಪ್ಪಣಿಗೆ ಸೇರಿದೆ. ಇಡೀ ಪುಸ್ತಕಕ್ಕೆ 1, 2, 3 ಅಂತ ಹೊಸ ಎಣಿಕೆ ಬೇಕಾದರೆ ಪ್ಯಾನ್‌ಡಾಕೇ ಹಾಕುತ್ತೆ, ನಾವು ಕೈಯಾರೆ ಮರುಎಣಿಕೆ ಮಾಡೋ ತಲೆನೋವಿಲ್ಲ. ಮುಂದೆ ಯಾರಿಗಾದರೂ ಒಂದು ಟಿಪ್ಪಣಿಯ ಮೇಲೆ ಅನುಮಾನ ಬಂದರೆ ಯಾವ ಫೋಟೋ ತೆಗೆದು ನೋಡಬೇಕು ಅಂತ ಹೆಸರಿನಲ್ಲೇ ಇದೆ. ಪುಸ್ತಕದಲ್ಲಿ ಅಂಕಿ ಬದಲು ನಕ್ಷತ್ರ, ಕಠಾರಿ ಚಿಹ್ನೆಗಳಿದ್ದರೂ ಇದೇ ನಡೆಯುತ್ತೆ, ಆ ಪುಟದಲ್ಲಿ ಮೊದಲು ಬಂದದ್ದಕ್ಕೆ 1, ಆಮೇಲಿನದಕ್ಕೆ 2.

ಟಿಪ್ಪಣಿಯನ್ನ ಎಲ್ಲಿಡೋದು ಅನ್ನೋದರಲ್ಲಿ ಮೂರು ಪಂಗಡ ಇದೆ. ಗುರುತಿದ್ದ ಜಾಗದಲ್ಲೇ ಆವರಣದಲ್ಲಿ ತುಂಬೋದು, ಪ್ಯಾರಾ ಮುಗಿದ ತಕ್ಷಣ ಇಡೋದು, ಅಧ್ಯಾಯದ ಕೊನೆಗೆ ಒಯ್ಯೋದು. ಮೊದಲನೆಯದು ಎರಡು ಪದದ ಅರ್ಥಕ್ಕೆ ಸರಿ, ಆರು ಸಾಲಿನ ಟಿಪ್ಪಣಿ ಬಂದರೆ ವಾಕ್ಯ ಸತ್ತುಹೋಗುತ್ತೆ. ಮೂರನೆಯದು ಪುಸ್ತಕ ಓದೋರಿಗೆ ಚೆಂದ, ಆದರೆ ಕೇಳೋರು ಅರ್ಧ ಗಂಟೆ ಆದ್ಮೇಲೆ ‘ಹದಿನೇಳು: ಕೆರೆಯ ನೀರನ್ನು’ ಅಂತ ಕೇಳಿದರೆ ಹದಿನೇಳು ಎಲ್ಲಿತ್ತು ಅಂತ ಯಾರಿಗೆ ನೆನಪಿರುತ್ತೆ? ನನ್ನ ಓಟು ಪ್ಯಾರಾ ನಂತರಕ್ಕೆ. ಪ್ರೂಫ್ ನೋಡೋರಿಗೂ ಗುರುತು, ಟಿಪ್ಪಣಿ ಎರಡೂ ಒಂದೇ ಸ್ಕ್ರೀನ್‌ನಲ್ಲಿರುತ್ತೆ. ಪ್ಯಾರಾ ಎರಡು ಪುಟಕ್ಕೆ ಹರಡಿದ್ದರೆ ಮೇಲಿನ ಉದಾಹರಣೆಯ ಹಾಗೆ ಎರಡೂ ಪುಟದ ಟಿಪ್ಪಣಿಗಳು ಪ್ಯಾರಾ ಮುಗಿಯೋವರೆಗೂ ಕಾಯಬೇಕು.

ಗುರುತು ವಿರಾಮಚಿಹ್ನೆಗೆ ಮೊದಲೋ ಆಮೇಲೋ ಅನ್ನೋದನ್ನ ಅಚ್ಚಿನಲ್ಲಿ ಹೇಗಿದೆಯೋ ಹಾಗೇ ಬಿಡಿ, ಒಂದೇ ಥರ ಮಾಡೋಕೆ ಹೋಗಬೇಡಿ. ಪೂರ್ಣವಿರಾಮಕ್ಕೆ ಮೊದಲು ಪದಕ್ಕೆ ಅಂಟಿಕೊಂಡಿರೋದು ಬಹುಶಃ ಆ ಪದದ ಟಿಪ್ಪಣಿ, ಪೂರ್ಣವಿರಾಮದ ನಂತರ ಇರೋದು ಇಡೀ ವಾಕ್ಯದ ಆಧಾರ. ‘ಸರಿ’ ಮಾಡಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತೆ.

ಎಣಿಕೆ ತಾಳೆ ನೋಡೋಕೆ ದೊಡ್ಡ ಪ್ರೋಗ್ರಾಮ್ ಬೇಡ. ಒಂದೊಂದು ಪುಟದ ಮೇಲಿನ ಭಾಗ, ಅಡಿಯ ಭಾಗ ಬೇರೆ ಮಾಡಿ, ಎರಡು ಕಡೆಯೂ ಸಂಖ್ಯೆಗಳಿಗೆ ಚೌಕ ಆವರಣ ಹಾಕಿದ ಮೇಲೆ:

```python
import re
def check(body, foot):
    a = [int(n) for n in re.findall(r'\[(\d+)\]', body)]
    b = [int(n) for n in re.findall(r'^\[(\d+)\]', foot, re.M)]
    return a == b, a, b
```

ಪೈಥಾನ್‌ನಲ್ಲಿ `\d` ಕನ್ನಡ ಅಂಕಿಗಳನ್ನೂ ಹಿಡಿಯುತ್ತೆ, `int('೧೨')` ಅಂದರೆ ಸೀದಾ 12 ಸಿಗುತ್ತೆ, ಬದಲಾಯಿಸೋ ಟೇಬಲ್ ಬರೆಯೋ ಅಗತ್ಯ ಇಲ್ಲ. ಆದರೆ `²` ಅನ್ನ `\d` ಹಿಡಿಯಲ್ಲ, `int('²')` ಎರರ್ ಕೊಡುತ್ತೆ, ಹಾಗಿದ್ದೂ `'²'.isdigit()` ಮಾತ್ರ `True` ಅನ್ನುತ್ತೆ. ಒಸಿಆರ್‌ಗೆ `kan+eng` ಅಂತ ಎರಡು ಭಾಷೆ ಕೊಟ್ಟಿದ್ದರೆ ಇಂಥವು ಒಂದೊಂದು ನುಸುಳಿರಬಹುದು, ಮೊದಲೇ ಹುಡುಕಿಕೊಳ್ಳಿ.

ತಾಳೆ ಆಗದ ಪುಟಗಳೆಲ್ಲ ತಪ್ಪಿರಬೇಕು ಅಂತೇನಿಲ್ಲ. ಕೆಲವು ಲೇಖಕರು ಒಂದೇ ಪುಟದಲ್ಲಿ ಎರಡು ಕಡೆ ೧ ಹಾಕಿ ಒಂದೇ ಟಿಪ್ಪಣಿಗೆ ಕಳಿಸ್ತಾರೆ. ಆಗ ಮೇಲೆ ಮೂರು, ಕೆಳಗೆ ಎರಡು. ಅಚ್ಚಿನಲ್ಲೇ ಗುರುತು ಬಿಟ್ಟುಹೋಗಿರೋ ಪುಟಗಳೂ ಸಿಗುತ್ತವೆ, ಟಿಪ್ಪಣಿ ಇದೆ, ಎಷ್ಟು ಝೂಮ್ ಮಾಡಿದರೂ ಮೇಲೆ ಏನೂ ಇಲ್ಲ. ವಿರುದ್ಧವಾಗಿ, ತಾಳೆ ಆದ ಪುಟವೂ ತಪ್ಪಿರಬಹುದು. ೧, ೨ ಎರಡೂ ಇದ್ದು, ೨ ಒಂದು ಪದ ಮುಂದೆ ಸರಿದಿದ್ದರೆ ಸ್ಕ್ರಿಪ್ಟ್‌ಗೆ ಗೊತ್ತಾಗಲ್ಲ. ಸಾಲಿನ ಕೊನೆಯಲ್ಲಿದ್ದ ಗುರುತು ಮುಂದಿನ ಸಾಲಿನ ಮೊದಲ ಪದಕ್ಕೆ ಅಂಟೋದು ಇದರ ಮಾಮೂಲಿ ರೂಪ. ಹಾಗಾಗಿ ಪ್ರೂಫ್ ನೋಡೋವಾಗ ಸಾಲಿನ ಬಲ ಅಂಚಿನ ಗುರುತುಗಳನ್ನ ಫೋಟೋ ಜೊತೆ ಇಟ್ಟು ನೋಡಿ.

ಅಚ್ಚಿನಲ್ಲೇ ಗುರುತಿಲ್ಲದ ಟಿಪ್ಪಣಿಗೆ ಯಾವುದಾದರೂ ಪದ ಹುಡುಕಿ ಅಂಟಿಸೋದು ನಮ್ಮ ಕೆಲಸ ಅಲ್ಲ. ಅದನ್ನ ಆ ಪುಟದ ಕೊನೇ ಪ್ಯಾರಾ ಕೆಳಗೆ ಇಟ್ಟು, `[ಪುಟ 52, ಟಿಪ್ಪಣಿ 3: ಮೂಲದಲ್ಲಿ ಗುರುತು ಇಲ್ಲ]` ಅಂತ ಬರೆದು, ಮುಂದಿನ ಪುಟಕ್ಕೆ ಹೋಗಿ.